ಗೋಳ, ಹಾಳೆಗಳ ಲೆಕ್ಕದಲ್ಲಿ ಉತ್ತರ ತಪ್ಪಿದಾಗ: ಗಾಸ್ ನಿಯಮದ ದೋಷ ನಿವಾರಣೆ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಗಾಸ್ ನಿಯಮ ಬರುತ್ತದೆ. ನಿಯಮ ಇರುವುದು ಒಂದೇ ಸಾಲು. ಮುಚ್ಚಿದ ಮೇಲ್ಮೈಯಿಂದ ಹೊರಬರುವ ಒಟ್ಟು ಫ್ಲಕ್ಸ್ ಎಂದರೆ ಒಳಗಿನ ಒಟ್ಟು ಆವೇಶವನ್ನು ε₀ ಇಂದ ಭಾಗಿಸಿದಷ್ಟು. ಬಾಯಿಪಾಠ ಮಾಡಲು ಕಷ್ಟವಿಲ್ಲ. ಆದರೂ ಲೆಕ್ಕ ಮಾಡಿ ಪುಸ್ತಕದ ಕೊನೆಗೆ ಹೋಗಿ ನೋಡಿದರೆ ಉತ್ತರ ಬೇರೆಯೇ ಇರುತ್ತದೆ.

ಆಗ ಲೆಕ್ಕವನ್ನು ಅಳಿಸಿ ಮೊದಲಿಂದ ಶುರು ಮಾಡಬೇಡಿ. ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ನೋಡಿ. ಎರಡು ಬಂತೇ, ಎಂಟು ಬಂತೇ, ಹತ್ತು ಸಾವಿರ ಬಂತೇ, ಸೊನ್ನೆ ಬಂತೇ? ಈ ಅನುಪಾತವೇ ತಪ್ಪು ಎಲ್ಲಿದೆ ಎಂದು ಹೇಳಿಬಿಡುತ್ತದೆ. ಕೆಳಗಿನ ಭಾಗಗಳು ಆ ಲಕ್ಷಣಗಳ ಪ್ರಕಾರವೇ ಇವೆ. ಸುಲಭದ ತಪಾಸಣೆ ಮೊದಲು, ತಲೆ ಕೆಡಿಸುವುದು ಆಮೇಲೆ.

ಲಕ್ಷಣ 1: ಅಂಕಿಗಳು ಸರಿ, ಹತ್ತರ ಘಾತ ತಪ್ಪು

ಪುಸ್ತಕದಲ್ಲಿ 3600, ನಿಮ್ಮದು 0.36. ಅನುಪಾತ ಹತ್ತು ಸಾವಿರದಲ್ಲಿ ಒಂದು. ಇಲ್ಲಿ ಭೌತಶಾಸ್ತ್ರದ ತಪ್ಪೇನೂ ಇಲ್ಲ. ಸೆಂಟಿಮೀಟರನ್ನು ಮೀಟರ್ ಮಾಡದೆ ವರ್ಗ ಮಾಡಿದ್ದೀರಿ, ಅಷ್ಟೇ. ಸಾವಿರದ ವ್ಯತ್ಯಾಸ ಬಂದರೆ ನ್ಯಾನೋಕೂಲಂ ಮತ್ತು ಮೈಕ್ರೋಕೂಲಂ ಅದಲುಬದಲಾಗಿವೆ.

ಇನ್ನು ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ. ಗೋಳದ ಲೆಕ್ಕದಲ್ಲಿ ಅನುಪಾತ 4 ಅಥವಾ ಕಾಲು ಬಂದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿರುವ ಸಾಧ್ಯತೆ ಜಾಸ್ತಿ. ಪ್ರಶ್ನೆಯಲ್ಲಿ ಬೇಕೆಂದೇ ವ್ಯಾಸ ಕೊಟ್ಟಿರುತ್ತಾರೆ. ಅನುಪಾತ ಸುಮಾರು 12.6 ಬಂದರೆ 4π ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ. ಮೂರರ ವ್ಯತ್ಯಾಸ ಬಂದರೆ ಗೋಳದ ಗಾತ್ರ ಬರೆಯುವಾಗ ಮೂರನೇ ಒಂದು ಭಾಗ ಜಾರಿದೆ.

ಇನ್ನೊಂದು ತಪಾಸಣೆಗೆ ಪುಸ್ತಕದ ಉತ್ತರವೂ ಬೇಕಿಲ್ಲ. ಸಾಮಾನ್ಯ ಒತ್ತಡದ ಒಣ ಗಾಳಿ ಸುಮಾರು 3 × 10⁶ N/C ಕ್ಷೇತ್ರದವರೆಗೆ ತಡೆಯುತ್ತದೆ. ಅದನ್ನು ಮೀರಿದರೆ ಕಿಡಿ ಹಾರುತ್ತದೆ. 10 ಸೆಂ.ಮೀ. ತ್ರಿಜ್ಯದ ಗೋಳ ಗಾಳಿಯಲ್ಲಿ ಸುಮಾರು 3.3 ಮೈಕ್ರೋಕೂಲಂಗಿಂತ ಹೆಚ್ಚು ಆವೇಶ ಹಿಡಿದುಕೊಳ್ಳಲಾರದು. ಅಂಥ ಪುಟ್ಟ ಗೋಳಕ್ಕೆ ನಿಮ್ಮ ಉತ್ತರ 10¹² N/C ಬಂದರೆ ಘಾತವನ್ನು ಇನ್ನೊಮ್ಮೆ ನೋಡಿ. ಹಾಗಂತ ಇದನ್ನು ಕಟ್ಟುನಿಟ್ಟು ನಿಯಮ ಮಾಡಿಕೊಳ್ಳಬೇಡಿ. ಪ್ರಶ್ನೆ ಬರೆಯುವವರು ಗಾಳಿಯ ಮಿತಿಯನ್ನು ಎಲ್ಲ ಸಲವೂ ನೋಡಿರುವುದಿಲ್ಲ. ಹತ್ತಿಪ್ಪತ್ತು ಪಟ್ಟು ಮೀರಿದ ಪ್ರಶ್ನೆಗಳು ಸಿಗುತ್ತವೆ, ಲಕ್ಷ ಪಟ್ಟು ಮೀರಿದವು ಅಪರೂಪ.

ಲಕ್ಷಣ 2: ಉತ್ತರ ಸರಿಯಾಗಿ ಎರಡರಷ್ಟು, ಇಲ್ಲವೇ ಅರ್ಧ

ಹಾಳೆಗಳ ಲೆಕ್ಕದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಎರಡು ಸೂತ್ರಗಳು ಒಂದರ ಪಕ್ಕ ಒಂದು ಇರುತ್ತವೆ:

```
ಅನಂತ ತೆಳು ಹಾಳೆ:            E = σ / 2ε₀
ವಾಹಕದ ಮೇಲ್ಮೈಗೆ ತಾಗಿ ಹೊರಗೆ:  E = σ / ε₀
```

ಯಾವುದು ಎಲ್ಲಿ ಎಂದು ಉರು ಹೊಡೆಯುವುದಕ್ಕಿಂತ ಮುಚ್ಚಳ ಎಣಿಸುವುದು ಸುಲಭ. ಹಾಳೆಯನ್ನು ಹಾದುಹೋಗುವಂತೆ ಒಂದು ಚಪ್ಪಟೆ ಸಿಲಿಂಡರ್ ಕಲ್ಪಿಸಿಕೊಳ್ಳಿ. ಎರಡು ಮುಚ್ಚಳ, ಒಂದು ಹಾಳೆಯ ಈ ಕಡೆ, ಇನ್ನೊಂದು ಆ ಕಡೆ. ತೆಳು ಹಾಳೆಯಾದರೆ ಎರಡೂ ಮುಚ್ಚಳಗಳಿಂದ ಕ್ಷೇತ್ರರೇಖೆಗಳು ಹೊರಬರುತ್ತವೆ. ಆದ್ದರಿಂದ 2EA = σA/ε₀. ವಾಹಕವಾದರೆ ಒಳಗಿನ ಮುಚ್ಚಳ ಲೋಹದೊಳಗೆ ಮುಳುಗಿದೆ. ಸ್ಥಿರ ಸ್ಥಿತಿಯಲ್ಲಿ ಅಲ್ಲಿ ಕ್ಷೇತ್ರವೇ ಇಲ್ಲ. ಫ್ಲಕ್ಸ್ ಬರುವುದು ಹೊರಗಿನ ಮುಚ್ಚಳದಿಂದ ಮಾತ್ರ. ಆದ್ದರಿಂದ EA = σA/ε₀. ಎರಡೂ ಕಡೆ ಸಿಲಿಂಡರಿನ ಪಕ್ಕದ ಗೋಡೆಯಿಂದ ಫ್ಲಕ್ಸ್ ಇಲ್ಲ, ಯಾಕೆಂದರೆ ರೇಖೆಗಳು ಆ ಗೋಡೆಗೆ ಸಮಾಂತರವಾಗಿ ಸಾಗುತ್ತವೆ.

ಇಷ್ಟು ಗೊತ್ತಿದ್ದವರೂ ಜಾರುವ ಜಾಗ ಇನ್ನೊಂದಿದೆ. σ ಎಂದರೆ ಯಾವ σ? ಒಂದು ಲೆಕ್ಕ ನೋಡೋಣ.

20 ಸೆಂ.ಮೀ. × 20 ಸೆಂ.ಮೀ. ಅಳತೆಯ ತೆಳ್ಳನೆಯ ಲೋಹದ ತಟ್ಟೆಗೆ 7.08 ನ್ಯಾನೋಕೂಲಂ ಆವೇಶ ಕೊಟ್ಟಿದ್ದಾರೆ. ತಟ್ಟೆಯ ನಡುಭಾಗದಲ್ಲಿ, ಅದಕ್ಕೆ ತೀರಾ ಹತ್ತಿರ, ಕ್ಷೇತ್ರ ಎಷ್ಟು? ಅಂಚಿನ ಪರಿಣಾಮ ಬಿಟ್ಟುಬಿಡಿ ಎಂದೂ ಹೇಳಿದ್ದಾರೆ.

ವಿಸ್ತೀರ್ಣ 0.04 ಚದರ ಮೀಟರ್. ಒಟ್ಟು ಆವೇಶವನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ 177 ನ್ಯಾನೋಕೂಲಂ. 'ಲೋಹ' ಎಂದು ಕಂಡ ತಕ್ಷಣ ಕೈ σ/ε₀ ಕಡೆ ಹೋಗುತ್ತದೆ. 177 ಹಾಕಿದರೆ 20,000 N/C ಬರುತ್ತದೆ. ಇದು ತಪ್ಪು. ಲೋಹದ ತಟ್ಟೆಗೆ ಎರಡು ಮುಖ ಇವೆ. ಆವೇಶ ಎರಡರ ಮೇಲೂ ಸಮನಾಗಿ ಹಂಚಿಕೊಂಡಿದೆ. ಹಾಗಾಗಿ ಒಂದು ಮುಖದ ಸಾಂದ್ರತೆ 88.5 ಮಾತ್ರ. ಅದನ್ನು σ/ε₀ ಗೆ ಹಾಕಿದರೆ 10,000 N/C. ಇದು ಸರಿ.

ಈಗ ತಟ್ಟೆಯನ್ನು ಒಟ್ಟಾಗಿ ಒಂದೇ ತೆಳು ಹಾಳೆ ಎಂದುಕೊಳ್ಳಿ. ಎರಡು ಮುಖಗಳ ಆವೇಶವೂ ಸೇರಿ σ = 177. ಸೂತ್ರ σ/2ε₀. ಮತ್ತೆ 10,000 N/C. ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ದಾರಿಯ ಮಧ್ಯದಲ್ಲಿ ಬಸ್ ಬದಲಿಸಿದರೆ ಮಾತ್ರ ತೊಂದರೆ. ನಿಮಗೆ 20,000 ಬಂದಿದ್ದರೆ ಒಟ್ಟು ಸಾಂದ್ರತೆಯನ್ನು ವಾಹಕದ ಸೂತ್ರಕ್ಕೆ ಹಾಕಿದ್ದೀರಿ. 5,000 ಬಂದಿದ್ದರೆ ಒಂದು ಮುಖದ ಸಾಂದ್ರತೆಯನ್ನು ಹಾಳೆಯ ಸೂತ್ರಕ್ಕೆ ಹಾಕಿದ್ದೀರಿ.

ಒಂದು ವಿಷಯ ಇಲ್ಲಿ ಕೇಳಲೇಬೇಕು. ವಾಹಕದ ಮೇಲಿನ ಪುಟ್ಟ ತುಣುಕೂ ಆವೇಶ ಇರುವ ತುಣುಕೇ ತಾನೆ? ತೀರಾ ಹತ್ತಿರದಿಂದ ನೋಡಿದರೆ ಅದೂ ಒಂದು ಹಾಳೆಯಂತೆಯೇ σ/2ε₀ ಕೊಡಬೇಕಲ್ವಾ? ಹೌದು, ಅಷ್ಟೇ ಕೊಡುತ್ತದೆ, ಎರಡೂ ಕಡೆಗೆ. ಉಳಿದ σ/2ε₀ ಬರುವುದು ವಾಹಕದ ಬೇರೆ ಭಾಗಗಳ ಆವೇಶದಿಂದ. ಒಳಗಡೆ ಇವೆರಡೂ ಎದುರುಬದುರಾಗಿ ನಿಂತು ಸೊನ್ನೆ ಆಗುತ್ತವೆ. ಹೊರಗಡೆ ಎರಡೂ ಒಂದೇ ದಿಕ್ಕಿಗಿದ್ದು ಕೂಡಿ σ/ε₀ ಆಗುತ್ತವೆ. ಇದು ಒಮ್ಮೆ ಕಣ್ಣಿಗೆ ಕಂಡರೆ ಆ 2 ಎಲ್ಲಿಗೆ ಹೋಯಿತು ಎಂಬ ಅನುಮಾನ ಮತ್ತೆ ಬರುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಅಪರೂಪಕ್ಕೆ ಕೇಳುತ್ತಾರೆ, ಆದರೆ ನನ್ನ ಪ್ರಕಾರ ಈ ಅಧ್ಯಾಯದಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದೇ.

ಲಕ್ಷಣ 3: ಎರಡು ಹಾಳೆ ಇದ್ದಾಗ ಒಂದು ಜಾಗದಲ್ಲಿ ಸರಿ, ಇನ್ನೊಂದು ಜಾಗದಲ್ಲಿ ತಪ್ಪು

ನಡುವಿನ ಜಾಗದ ಉತ್ತರ ಹೊಂದುತ್ತದೆ, ಹೊರಗಿನದು ಹೊಂದುವುದಿಲ್ಲ. ಅಥವಾ ಉಲ್ಟಾ. ಕೂಡಬೇಕಾದಲ್ಲಿ ಕಳೆದಿದ್ದೀರಿ ಎಂದು ಇದರ ಅರ್ಥ. ಹೆಚ್ಚಿನ ಸಲ ಕಾರಣ ಒಂದೇ: ಬಾಣ ಎಳೆಯದೆ ಸೂತ್ರಕ್ಕೆ ಋಣ ಚಿಹ್ನೆ ಹಾಕಿರುತ್ತೀರಿ.

ಎಡಗಡೆ ಚದರ ಮೀಟರಿಗೆ +35.4 ನ್ಯಾನೋಕೂಲಂ ಹಾಳೆ, ಬಲಗಡೆ −17.7 ನ್ಯಾನೋಕೂಲಂ ಹಾಳೆ, ಎರಡೂ ಸಮಾಂತರ ಎಂದುಕೊಳ್ಳಿ. ಮೊದಲು ಚಿಹ್ನೆ ಮರೆತು ಬರೀ ಪ್ರಮಾಣ ಬರೆದುಕೊಳ್ಳಿ. ಎಡ ಹಾಳೆಯದು 2000 N/C, ಬಲ ಹಾಳೆಯದು 1000 N/C. ಆಮೇಲೆ ದಿಕ್ಕು. ಧನ ಹಾಳೆ ತನ್ನಿಂದ ದೂರಕ್ಕೆ ತಳ್ಳುತ್ತದೆ, ಋಣ ಹಾಳೆ ತನ್ನ ಕಡೆಗೆ ಎಳೆಯುತ್ತದೆ.

ಎಡ ಹಾಳೆಯ ಎಡಕ್ಕೆ ನಿಂತರೆ ಒಂದು ಬಾಣ ಎಡಕ್ಕೆ 2000, ಇನ್ನೊಂದು ಬಲಕ್ಕೆ 1000. ಉಳಿಯುವುದು ಎಡಕ್ಕೆ 1000. ನಡುವೆ ಎರಡೂ ಬಲಕ್ಕೆ, ಒಟ್ಟು 3000. ಬಲ ಹಾಳೆಯ ಬಲಕ್ಕೆ ಒಂದು ಬಲಕ್ಕೆ 2000, ಇನ್ನೊಂದು ಎಡಕ್ಕೆ 1000, ಉಳಿಯುವುದು ಬಲಕ್ಕೆ 1000.

ಉತ್ತರ ಸರಿಯೇ ಎಂದು ನೋಡಲು ಮತ್ತೆ ಸಿಲಿಂಡರ್ ಬೇಕು. ಎಡ ಹಾಳೆಯ ಸುತ್ತ ಅದನ್ನು ಇಡಿ. ಎಡ ಮುಚ್ಚಳದಿಂದ 1000 ಹೊರಕ್ಕೆ, ಬಲ ಮುಚ್ಚಳದಿಂದ 3000 ಹೊರಕ್ಕೆ, ಒಟ್ಟು 4000. 35.4 ನ್ಯಾನೋಕೂಲಂ ಅನ್ನು ε₀ ಇಂದ ಭಾಗಿಸಿದರೂ 4000. ಸರಿಯಾಯಿತು. ಬಲ ಹಾಳೆಯ ಸುತ್ತ ಇಟ್ಟರೆ 3000 ಒಳಕ್ಕೆ, 1000 ಹೊರಕ್ಕೆ, ನಿವ್ವಳ −2000. ಅದೂ ಹೊಂದುತ್ತದೆ.

ಇಲ್ಲಿ ಒಂದು ಎಚ್ಚರ. ಎಡ ಹಾಳೆಯ ಎರಡು ಮುಚ್ಚಳಗಳಲ್ಲಿ ಕ್ಷೇತ್ರ ಸಮನಾಗಿಲ್ಲ, 1000 ಮತ್ತು 3000. ಪಕ್ಕದಲ್ಲಿ ಇನ್ನೊಂದು ಹಾಳೆ ಬಂದ ತಕ್ಷಣ ಆ ಸಮತೆ ಹೋಯಿತು. ಆದ್ದರಿಂದ ಇಲ್ಲಿ ನೇರವಾಗಿ 2EA ಎಂದು ಬರೆಯುವಂತಿಲ್ಲ. ಒಂದೊಂದೇ ಹಾಳೆಗೆ ಒಂಟಿಯಾಗಿ ಗಾಸ್ ನಿಯಮ ಹಚ್ಚಿ, ಆಮೇಲೆ ಕೂಡಿಸಬೇಕು.

ಲಕ್ಷಣ 4: ಗೋಳದ ಹೊರಗೆ ಎಲ್ಲ ಸರಿ, ಒಳಗೆ ಹೋದರೆ ತಪ್ಪು

ಹೊರಗೆ ಎಲ್ಲ ಗೋಳಗಳೂ ಒಂದೇ. ಟೊಳ್ಳೋ, ಗಟ್ಟಿಯೋ, ಲೋಹವೋ, ಗೋಳಾಕಾರದ ಸಮತೆ ಇದ್ದರೆ ಎಲ್ಲ ಆವೇಶವೂ ನಡುಬಿಂದುವಿನಲ್ಲಿ ಇದ್ದಂತೆ ಲೆಕ್ಕ ಹಾಕಬಹುದು. ಬಣ್ಣ ಬಯಲಾಗುವುದು ಒಳಗೆ.

ಹಾಗಾಗಿ ಸೂತ್ರಕ್ಕೂ ಮುಂಚೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. 'ಗೋಳ ಕವಚ' ಅಥವಾ 'ಲೋಹದ ಗೋಳ' ಎಂದಿದ್ದರೆ ಆವೇಶವೆಲ್ಲ ಮೇಲ್ಮೈಯಲ್ಲಿದೆ, ಒಳಗೆ ಕ್ಷೇತ್ರ ಸೊನ್ನೆ. 'ಗಾತ್ರದಲ್ಲೆಲ್ಲ ಏಕರೂಪವಾಗಿ ಹರಡಿದ ಆವೇಶ' ಎಂದಿದ್ದರೆ ಅದು ಅವಾಹಕದ ಗಟ್ಟಿ ಗೋಳ, ಒಳಗೂ ಕ್ಷೇತ್ರ ಇದೆ. ಸೊನ್ನೆ ಬರಬೇಕಾದಲ್ಲಿ ಸಂಖ್ಯೆ, ಸಂಖ್ಯೆ ಬರಬೇಕಾದಲ್ಲಿ ಸೊನ್ನೆ ಬಂದರೆ ತಪ್ಪಿರುವುದು ಈ ಓದಿನಲ್ಲೇ.

ಗಟ್ಟಿ ಗೋಳದ ಲೆಕ್ಕ ಮಾಡೋಣ. ತ್ರಿಜ್ಯ R = 10 ಸೆಂ.ಮೀ., ಒಟ್ಟು ಆವೇಶ 8 ನ್ಯಾನೋಕೂಲಂ, ಏಕರೂಪ. ನಡುವಿನಿಂದ r = 5 ಸೆಂ.ಮೀ. ದೂರದಲ್ಲಿ ಕ್ಷೇತ್ರ ಎಷ್ಟು?

5 ಸೆಂ.ಮೀ. ತ್ರಿಜ್ಯದ ಗಾಸಿಯನ್ ಗೋಳ ಎಳೆಯಿರಿ. ಅದರ ಗಾತ್ರ ಪೂರ್ಣ ಗೋಳದ ಎಂಟನೇ ಒಂದು ಭಾಗ, ಏಕೆಂದರೆ ಅರ್ಧದ ಘನ. ಒಳಗಿರುವ ಆವೇಶ 1 ನ್ಯಾನೋಕೂಲಂ.

```
E = 9×10⁹ × 1×10⁻⁹ / (0.05)² = 3600 N/C
```

ಈಗ ತಪ್ಪು ಉತ್ತರಗಳನ್ನು ನೋಡಿ. ನಿಮಗೆ 28,800 ಬಂದಿದ್ದರೆ ಇಡೀ 8 ನ್ಯಾನೋಕೂಲಂ ಹಾಕಿದ್ದೀರಿ, ಅಂದರೆ ಗಾಸಿಯನ್ ಗೋಳದ ಹೊರಗಿನ ಆವೇಶವನ್ನೂ ಎಣಿಸಿದ್ದೀರಿ. 900 ಬಂದಿದ್ದರೆ ಆವೇಶ ಸರಿಯಾಗಿ 1 ತೆಗೆದುಕೊಂಡು, ದೂರದ ಜಾಗದಲ್ಲಿ ಮಾತ್ರ R ಹಾಕಿದ್ದೀರಿ. 7200 ಬಂದಿದ್ದರೆ r ಅನ್ನು ಪೂರ್ತಿ ಮರೆತು ಮೇಲ್ಮೈಯ ಉತ್ತರ ಕೊಟ್ಟಿದ್ದೀರಿ. ಈ ಮೂರರ ಮೂಲವೂ ಒಂದೇ: r ಮತ್ತು R ಅನ್ನು ಒಂದೇ ಅಕ್ಷರದಂತೆ ಬರೆಯುವುದು. ಕೈಬರಹದಲ್ಲಿ ಇವೆರಡೂ ಬಹಳ ಬೇಗ ಬೆರೆತುಹೋಗುತ್ತವೆ. ಗೋಳದ ತ್ರಿಜ್ಯಕ್ಕೆ a ಎಂದು ಹೆಸರಿಟ್ಟುಬಿಡಿ, ಅರ್ಧ ಕಾಟ ತಪ್ಪುತ್ತದೆ.

ಪುಸ್ತಕದ ಉತ್ತರ ಇಲ್ಲದಿದ್ದರೆ ಅಂಚಿನಲ್ಲಿ ಪರೀಕ್ಷಿಸಿ. ಗಟ್ಟಿ ಗೋಳದ ಒಳಗಿನ ಸೂತ್ರ, ಹೊರಗಿನ ಸೂತ್ರ ಎರಡಕ್ಕೂ r = R ಹಾಕಿ ನೋಡಿ. ಎರಡೂ 7200 ಕೊಡಬೇಕು. ಕೊಡದಿದ್ದರೆ ಒಂದರಲ್ಲಿ ತಪ್ಪಿದೆ. ನಕ್ಷೆಯಲ್ಲಿ ಕ್ಷೇತ್ರ ಸೊನ್ನೆಯಿಂದ ನೇರ ಗೆರೆಯಲ್ಲಿ 7200 ತನಕ ಏರಿ, ಅಲ್ಲಿಂದ ಇಳಿಯುತ್ತದೆ. 20 ಸೆಂ.ಮೀ.ನಲ್ಲಿ 1800. ಕವಚಕ್ಕೆ ಮಾತ್ರ ಈ ಪರೀಕ್ಷೆ ಹಚ್ಚಬೇಡಿ. ಅಲ್ಲಿ ಒಳಗೆ ಸೊನ್ನೆ, ಹೊರಗೆ ತಟ್ಟನೆ σ/ε₀. ಜಿಗಿತ ಇರಲೇಬೇಕು.

ಎಂಟನೇ ಒಂದು ಭಾಗ ಎಂಬ ಲೆಕ್ಕ ಏಕರೂಪ ಆವೇಶಕ್ಕೆ ಮಾತ್ರ. ಸಾಂದ್ರತೆ ನಡುವಿನಿಂದ ದೂರ ಹೋದಂತೆ r ಗೆ ಅನುಪಾತವಾಗಿ ಏರುತ್ತದೆ ಎಂದು ಕೊಟ್ಟರೆ, ಒಳಗಿನ ಪಾಲು ಘನದಲ್ಲಿ ಅಲ್ಲ, ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ. ಆಗ 5 ಸೆಂ.ಮೀ. ಒಳಗೆ ಬರೀ ಅರ್ಧ ನ್ಯಾನೋಕೂಲಂ, ಕ್ಷೇತ್ರ 1800. ಇಂಥ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬರುತ್ತದೆ. ಅನುಕಲನ ಇನ್ನೂ ಕಲಿತಿಲ್ಲದಿದ್ದರೆ ಇಲ್ಲಿ ನಿಲ್ಲಿಸಿ, ಗಣಿತದ ಮೇಷ್ಟ್ರ ಹತ್ತಿರ ಮೊದಲು ಅದನ್ನು ಕಲಿಯಿರಿ.

ಕವಚದ ಒಳಗೆ ಸೊನ್ನೆ ಎಂಬುದು ಬರೀ ಸೂತ್ರದ ಮಾತಲ್ಲ. 1770ರ ದಶಕದಲ್ಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದನ್ನು ಅಳೆದು ನೋಡಿದ್ದರು. ಒಂದು ಗೋಳದ ಸುತ್ತ ಎರಡು ಅರ್ಧಗೋಳಗಳನ್ನು ಮುಚ್ಚಿ, ಒಳಹೊರಗನ್ನು ತಂತಿಯಿಂದ ಜೋಡಿಸಿ ಆವೇಶ ಕೊಟ್ಟರು. ಆಮೇಲೆ ಬಿಚ್ಚಿ ನೋಡಿದರೆ ಒಳಗಿನ ಗೋಳದಲ್ಲಿ ಆವೇಶ ಪತ್ತೆಯಾಗಲಿಲ್ಲ. ಬಲ ದೂರದ ವರ್ಗಕ್ಕೆ ವಿಲೋಮವಾಗಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಅವರು ಅದನ್ನು ಪ್ರಕಟಿಸಲೇ ಇಲ್ಲ. ಆ ಬರಹಗಳನ್ನು ಮ್ಯಾಕ್ಸ್‌ವೆಲ್ 1879ರಲ್ಲಿ ಹೊರತಂದರು.

ಲಕ್ಷಣ 5: ನಿಮಗೆ ಸೊನ್ನೆ ಬಂತು, ಪುಸ್ತಕದಲ್ಲಿ ಸೊನ್ನೆ ಇಲ್ಲ

'ಒಳಗೆ ಆವೇಶ ಇಲ್ಲ, ಆದ್ದರಿಂದ ಕ್ಷೇತ್ರ ಇಲ್ಲ' ಎಂದು ಬರೆದಿದ್ದೀರಾ? ಮೊದಲ ಅರ್ಧ ಸರಿ ಇರಬಹುದು. ಎರಡನೆಯದು ತಾನಾಗಿ ಬರುವುದಿಲ್ಲ. ಒಳಗೆ ಆವೇಶ ಇಲ್ಲದಿದ್ದರೆ ಸೊನ್ನೆಯಾಗುವುದು ನಿವ್ವಳ ಫ್ಲಕ್ಸ್ ಮಾತ್ರ. ಏಕರೂಪ ಕ್ಷೇತ್ರದಲ್ಲಿ ಖಾಲಿ ಪೆಟ್ಟಿಗೆ ಇಟ್ಟರೆ ಒಂದು ಕಡೆಯಿಂದ ಹೊಕ್ಕಷ್ಟು ಇನ್ನೊಂದು ಕಡೆಯಿಂದ ಹೊರಬರುತ್ತದೆ. ಒಟ್ಟು ಸೊನ್ನೆ. ಕ್ಷೇತ್ರ ಎಲ್ಲೂ ಸೊನ್ನೆ ಅಲ್ಲ.

ನಮ್ಮ ಗೋಳದ ಅಳತೆಯ ಅವಾಹಕ ಕವಚ ತೆಗೆದುಕೊಳ್ಳಿ, ಆವೇಶ ಅದರ ಮೇಲ್ಮೈಯಲ್ಲಿ ಏಕರೂಪವಾಗಿ ಕದಲದಂತೆ ಅಂಟಿದೆ. ಅದರ ನಡುಬಿಂದುವಿನಿಂದ 30 ಸೆಂ.ಮೀ. ದೂರದಲ್ಲಿ, ಹೊರಗೆ, 2 ನ್ಯಾನೋಕೂಲಂ ಬಿಂದು ಆವೇಶ ಇಡಿ. ಈಗ ನಡುಬಿಂದುವಿನಲ್ಲಿ ಕ್ಷೇತ್ರ ಸೊನ್ನೆಯೇ? ಅಲ್ಲ, 200 N/C. ಕವಚ ತನ್ನ ಪಾಲಿಗೆ ಸೊನ್ನೆ ಕೊಡುತ್ತದೆ. ಹೊರಗಿನ ಆವೇಶದ ಕ್ಷೇತ್ರವನ್ನು ಅದು ತಡೆಯುವುದಿಲ್ಲ. ಅದೇ ಕವಚ ಲೋಹದ್ದಾಗಿದ್ದರೆ ಅದರ ಆವೇಶಗಳು ಸರಿದಾಡಿ, ಒಳಗೆ ಸರಿಯಾಗಿ ಸೊನ್ನೆ ಆಗುವ ಹಾಗೆ ನೆಲೆ ನಿಲ್ಲುತ್ತವೆ.

ಫ್ಲಕ್ಸ್‌ನಿಂದ ಕ್ಷೇತ್ರಕ್ಕೆ ದಾಟಲು ಸಮತೆ ಎಂಬ ಸೇತುವೆ ಬೇಕು. ಗಾಸಿಯನ್ ಮೇಲ್ಮೈಯ ಮೇಲೆಲ್ಲ E ಒಂದೇ ಪ್ರಮಾಣದಲ್ಲಿದೆ, ಮೇಲ್ಮೈಗೆ ಲಂಬವಾಗಿದೆ ಎಂದು ಕಾರಣ ಸಮೇತ ಹೇಳಲು ಬಂದರೆ ಮಾತ್ರ E × 4πr² ಎಂದು ಬರೆಯಿರಿ. ಉತ್ತರಪತ್ರಿಕೆಯಲ್ಲಿ ಈ ಒಂದು ವಾಕ್ಯ ಬಿಟ್ಟವರೇ ಹೆಚ್ಚು.

ಲಕ್ಷಣ 6: ಅನುಪಾತ ವಿಚಿತ್ರ, ಯಾವುದಕ್ಕೂ ಹೊಂದುತ್ತಿಲ್ಲ

ಅನುಪಾತ 1.11 ಅಥವಾ 3.4 ಥರದ ಸಂಖ್ಯೆ ಬಂದರೆ, ಹಾಳೆ ನಿಜಕ್ಕೂ ಅನಂತವೇ ಎಂದು ನೋಡಿ. σ/2ε₀ ನಲ್ಲಿ ದೂರವೇ ಇಲ್ಲ. ಹಾಳೆ ನೀವಿರುವ ದೂರಕ್ಕಿಂತ ಬಹಳ ದೊಡ್ಡದಿದ್ದಾಗ ಮಾತ್ರ ಅದು ನಡೆಯುತ್ತದೆ. R ತ್ರಿಜ್ಯದ ದುಂಡು ಹಾಳೆಯ ಅಕ್ಷದ ಮೇಲೆ z ದೂರದಲ್ಲಿ ನಿಜವಾದ ಕ್ಷೇತ್ರ ಇದು:

```
E = (σ / 2ε₀) × [1 − z / √(z² + R²)]
```

ತ್ರಿಜ್ಯ 10 ಸೆಂ.ಮೀ. ಇದ್ದರೆ 1 ಸೆಂ.ಮೀ. ದೂರದಲ್ಲಿ ಅನಂತ ಹಾಳೆಯ ಉತ್ತರದ ಶೇ. 90 ಸಿಗುತ್ತದೆ. 10 ಸೆಂ.ಮೀ.ನಲ್ಲಿ ಶೇ. 29 ಮಾತ್ರ. ಒಂದು ಮೀಟರ್ ದೂರ ಹೋದರೆ ಹಾಳೆ ಎಂಬುದನ್ನೇ ಮರೆತು ಬಿಂದು ಆವೇಶ ಎಂದುಕೊಂಡರೂ ನಡೆಯುತ್ತದೆ, ಶೇ. 1ರಷ್ಟೂ ತಪ್ಪಾಗುವುದಿಲ್ಲ.

ಈ ಸೂತ್ರ ಗಾಸ್ ನಿಯಮದಿಂದ ಬಂದದ್ದಲ್ಲ. ಉಂಗುರ ಉಂಗುರವಾಗಿ ಕೂಡಿಸಿ ಪಡೆದದ್ದು. ದುಂಡು ಹಾಳೆ, ಚೌಕ ತಟ್ಟೆ, ಘನಾಕೃತಿ, ತುಂಡು ಕಂಬಿ ಇವುಗಳ ಸುತ್ತಲೂ ಗಾಸ್ ನಿಯಮ ಸತ್ಯವೇ. ಆದರೆ E ಅನ್ನು ಅನುಕಲನದಿಂದ ಹೊರಗೆ ತೆಗೆಯುವಂಥ ಮೇಲ್ಮೈ ಸಿಗುವುದಿಲ್ಲ. ಅಂಥ ಮೇಲ್ಮೈಗಾಗಿ ಹತ್ತು ನಿಮಿಷ ಹುಡುಕಿಯೂ ಸಿಗದಿದ್ದರೆ ಬಿಟ್ಟುಬಿಡಿ. ಕೂಲಂ ನಿಯಮಕ್ಕೆ ಹೋಗಿ, ಇಲ್ಲವೇ ಉಪನ್ಯಾಸಕರನ್ನು ಕೇಳಿ. ಬಿಂದು ಆವೇಶ ಘನದ ನಡುವೆ ಇದ್ದಾಗ ಒಂದು ಮುಖದ ಫ್ಲಕ್ಸ್ ಕೇಳಿದರೆ ಮಾತ್ರ q/6ε₀ ಎಂದು ಧೈರ್ಯವಾಗಿ ಬರೆಯಿರಿ. ಅಲ್ಲಿ ಕೇಳಿರುವುದು ಫ್ಲಕ್ಸ್, ಕ್ಷೇತ್ರವಲ್ಲ.

ಕೈಯಾರೆ ಮಾಡಿ ನೋಡುವ ಆಸೆ ಇದ್ದರೆ

ಬಲೂನು, ಪ್ಲಾಸ್ಟಿಕ್ ಸ್ಕೇಲು, ಕಾಗದದ ಚೂರು ಇವುಗಳಿಂದ ಆಡುವುದರಲ್ಲಿ ಅಪಾಯವಿಲ್ಲ. ಆದರೆ 'ಆವೇಶ ಇರುವ ಹಾಳೆ' ಬೇಕೆಂದು ಅಲ್ಯೂಮಿನಿಯಂ ಹಾಳೆಯನ್ನು ಮನೆಯ ಪ್ಲಗ್ ಪಾಯಿಂಟಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. 230 ವೋಲ್ಟ್ ಪ್ರಾಣ ತೆಗೆಯುತ್ತದೆ. ಲ್ಯಾಬಿನಲ್ಲಿ ವಾನ್ ಡಿ ಗ್ರಾಫ್ ಯಂತ್ರ ಇದ್ದರೆ ಉಪನ್ಯಾಸಕರು ಎದುರಿಗಿದ್ದಾಗ ಮಾತ್ರ ಓಡಿಸಿ. 10 ಸೆಂ.ಮೀ. ತ್ರಿಜ್ಯದ ಅದರ ಗೋಳ ಗಾಳಿಯ ಮಿತಿ ಮುಟ್ಟುವ ಹೊತ್ತಿಗೆ ಲೆಕ್ಕದ ಪ್ರಕಾರ 3 ಲಕ್ಷ ವೋಲ್ಟ್ ತನಕ ಹೋಗಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಹತ್ತಿರ ಸುಳಿಯಬಾರದು. ಯಂತ್ರ ನಿಲ್ಲಿಸಿದ ಮೇಲೂ ಗೋಳದಲ್ಲಿ ಆವೇಶ ಉಳಿದಿರುತ್ತದೆ, ಮುಟ್ಟುವ ಮುಂಚೆ ಭೂಸಂಪರ್ಕದ ಕಡ್ಡಿಯಿಂದ ಅದನ್ನು ಇಳಿಸಬೇಕು.